ಅಜ್ಜಿಯ ಮಾತು ಗದ್ಯವಾಗುವಾಗ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಸಂಪುಟಕ್ಕೆಂದು ನಾವು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸವನ್ನು ಒಪ್ಪಿಸಿದ್ದೆವು. ಮನೆಯ ಅಜ್ಜಿಯಿಂದ ಹಳೆಯದೊಂದು ನೆನಪನ್ನು ಕೇಳಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು, ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವುದು, ಅನಂತರ ಅದನ್ನು ಶಿಷ್ಟ ಕನ್ನಡದ ಒಂದು ಕಥನಖಂಡವಾಗಿ ತಿದ್ದಿ ಬರೆಯುವುದು. ಕೆಲಸ ಒಪ್ಪಿಸುವಾಗ ಮೊದಲನೆಯದೇ ಕಷ್ಟ, ಕೊನೆಯದು ಸುಲಭವೆಂದು ನಾವು ಎಣಿಸಿದ್ದೆವು. ಆದದ್ದು ತಿರುಗುಮುರುಗು. ಬಂದ ಬರಹಗಳಲ್ಲಿ ಒಂದನ್ನು ಮಾತ್ರ ಇಂದು ತಮ್ಮ ಮುಂದಿಡುತ್ತೇವೆ. ಅದರಲ್ಲಿ ತಪ್ಪಿದವರು ಮಕ್ಕಳಷ್ಟೇ ಅಲ್ಲ, ನಾವೂ ಹೌದು.

ಅಜ್ಜಿ ರೊದ್ದಂ ಕಡೆಯವರು; ಪಿನಾಕಿನಿಯ ದಂಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು, ಹಿಂದೂಪುರದ ಸೀಮೆಯನ್ನು ದಾಟಿ ಬರುವ ಈ ಹೊಳೆ, ನಮ್ಮ ಕಡೆಗೆ ಬರುವಷ್ಟರಲ್ಲಿ ವರ್ಷದ ಬಹುಕಾಲ ಬರಿಯ ಮರಳಾಗಿರುತ್ತದೆಂಬುದನ್ನು ತಾವೆಲ್ಲ ಬಲ್ಲಿರಿ. ಅಜ್ಜಿಯ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು. ಹೇಳಿದವರು ಅಜ್ಜಿ, ಮುದ್ರಿಸಿಕೊಂಡವಳು ಮೊಮ್ಮಗಳು, ಶುದ್ಧಪ್ರತಿ ಮಾಡಿದವನು ಅವಳ ಸಹಪಾಠಿಯಾದ ಒಬ್ಬ ಹುಡುಗ. ಮೊಮ್ಮಗಳು ಬರೆದುಕೊಂಡ ಮಾತು ಹೀಗಿದೆ:

"ಅದೇ, ವಿಶ್ವಾವಸು ಅಂತಾರಲ್ಲ, ಈಗೂ ಅದೇ ಬಂದೈತಂತಲ್ಲ, ಆ ವರ್ಸ ಮಳೇನೇ ಬರ್ನಿಲ್ಲ. ಬಂತು ಬಂತು ಅನ್ನೋದು, ಎಲ್ಬಂತು. ಉಗಾದಿ ಕಳೀತು. ಬಾವ್ಯಾಗೆ ನೀರಿಲ್ಲ, ಬರೀ ರಾಡಿ. ವೊಳ್ಯಾಗೆ ಚೆಲ್ಮೆ ತೋಡೋದು. ನಾನೂ ನಮ್ಮಕ್ಕಾನೂ ಕೋಳಿ ಕೂಗೋಕ್ ಮುಂಚೆ ವೋಗೋದು. ಬಿಂದ್ಗೆ ಒಂದು, ಚಿಪ್ಪು ಒಂದು. ಮೊಳಕೈವರ್ಗೂ ತೋಡಿದ್ರೆ ಚೆಮ್ಮ ಬತ್ತೈತೆ. ಇನ್ನೊಂದು ಗೇಣು ತೋಡಿದ್ರೆ ನೀರು ಊರ್ತೈತೆ. ಕುಂತ್ಕೋಬೇಕು. ಒಂದ್ ಚಿಪ್ಪು ತೊಗೊಂಡ್ರೆ ಮತ್ತೆ ಕುಂತ್ಕೋಬೇಕು. ಬಿಂದ್ಗೆ ತುಂಬೋವತ್ಗೆ ಬಿಸ್ಲು ಬೆನ್ನಿಗ್ ಬರೋದು. ಅಕ್ಕ ಏಳೋಳು, ತುಳೀಬ್ಯಾಡ ಕಣೆ, ರಾಡಿ ಆತೈತೆ ಅಂತ. ಅವ್ರದು ಬ್ಯಾರೆ ಚೆಲ್ಮೆ, ಕೆಳಕ್ಕೆ. ನಮ್ದು ಮ್ಯಾಲಕ್ಕೆ. ಅವ್ರು ನಮ್ದು ಮುಟ್ತಿರ್ನಿಲ್ಲ. ಒಂದಿನ ನಮ್ಮ ಚೆಲ್ಮೆ ಕುಸ್ದೋಯ್ತು. ಮರಳಲ್ವಾ. ಅಲ್ಲಿಗ್ ವೋದ್ವಿ. ಆಯಮ್ಮ ಬಿಂದ್ಗೇಗೆ ಉಯ್ದ್ಳು. ಎತ್ತರದಿಂದ ಉಯ್ದ್ಳು, ತಾಕ್ಬಾರ್ದು ಅಂತ. ಮನ್ಯಾಗೆ ಏಳ್ನಿಲ್ಲ ನಾವು. ಈಗ್ಲೇ ಏಳ್ತಿರೋದು."

ಇದರಿಂದ ಹುಡುಗನು ಸಿದ್ಧಪಡಿಸಿ ತಂದ ಖಂಡದಲ್ಲಿ ಅರುಣೋದಯದ ಹೊಂಗಿರಣಗಳಿದ್ದವು, ಪಿನಾಕಿನಿಯ ಪವಿತ್ರ ಮಡಿಲಿತ್ತು. ಅಕ್ಕತಂಗಿಯರು ಒಂದು ಮುಂಜಾನೆ ಹೊಳೆಗೆ ಹೋದರು, ಬಾವಿ ತೋಡಿದರು, ನೀರು ಚಿಮ್ಮಿತು, ಬಾವಿ ಕುಸಿದಾಗ ನೆರೆಯವರು ನೆರವಾದರು, ಎಲ್ಲರೂ ಸಂತೋಷದಿಂದ ಮನೆಗೆ ಮರಳಿದರು ಎಂದಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದವರು ನಾವೇ. ಮೊಮ್ಮಗಳು ಮಾರನೆಯ ದಿನ ಮೊಬೈಲನ್ನು ಹಿಡಿದು ಬಂದು, "ಮೇಡಂ, ನಮ್ಮಜ್ಜಿ ಹೀಗೆ ಹೇಳಿಲ್ಲ" ಎಂದಾಗಲೇ ನಾವು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತದ್ದು.

ಮೊದಲು ಧ್ವನಿಯನ್ನು ಮತ್ತೆ ಕೇಳಿದೆವು. 'ಚೆಮ್ಮ ಬತ್ತೈತೆ' ಎಂಬುದು ಮೊಮ್ಮಗಳ ಹಾಳೆಯಲ್ಲಿ ಸರಿಯಾಗಿಯೇ ಇತ್ತು. ಚೆಮ್ಮವೆಂದರೆ ತೇವ, ತೆಲುಗಿನಿಂದ ನಮ್ಮ ಕಡೆಯ ಕನ್ನಡಕ್ಕೆ ಬಂದು ಕೂತ ಮಾತು. ಹುಡುಗನಿಗೆ ಅದು ಕಂಡಿದ್ದು 'ಚಿಮ್ಮು' ಎಂಬ ಕ್ರಿಯಾಪದವಾಗಿ. ಮರಳು ಕೊಂಚ ಕಪ್ಪಾಗಿ ತಣ್ಣಗಾಯಿತೆಂದು ಅಜ್ಜಿ ಹೇಳಿದ್ದು, ಶುದ್ಧಪ್ರತಿಯಲ್ಲಿ ಕಾರಂಜಿಯಾಯಿತು. ಬರಗಾಲದ ಹೊಳೆಯಲ್ಲಿ ಕಾರಂಜಿ! ಓದಿದ ನಮಗೂ ಅದು ಅಡ್ಡಿಯೆನಿಸಲಿಲ್ಲವೆಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಇಂಥ ತಪ್ಪನ್ನು ಹಿಡಿಯುವ ಉಪಾಯ ಒಂದೇ. ಒಂದು ವಾಕ್ಯ ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಹೊಂದುತ್ತದೆಯೇ ಎಂದು ನೋಡಬೇಕು. ನೀರು ಚಿಮ್ಮುವುದಾದರೆ ಮುಂದೆ 'ಕುಂತ್ಕೋಬೇಕು' ಎಂಬುದು ಏಕೆ?

ಇದಕ್ಕಿಂತ ದೊಡ್ಡ ತೊಡಕು ಹಕಾರದ್ದು. ನಮ್ಮ ಸೀಮೆಯ ಆಡುನುಡಿಯಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುತ್ತದೆ. ಹೋಗುವುದು 'ವೋಗೋದು', ಹೊಳೆ 'ವೊಳೆ', ಹುಯ್ದಳು 'ಉಯ್ದ್ಳು'. ಆದುದರಿಂದ ಶಿಷ್ಟಗೊಳಿಸುವಾಗ ಹಕಾರವನ್ನು ಮರಳಿ ತೊಡಿಸಬೇಕಾಗುತ್ತದೆ. ಆದರೆ ಎಲ್ಲ ಕಡೆಗೂ ತೊಡಿಸಿದರೆ ಕೆಡುತ್ತದೆ. 'ನೀರು ಊರ್ತೈತೆ' ಎಂಬಲ್ಲಿ ಬಿದ್ದ ಹಕಾರ ಯಾವುದೂ ಇಲ್ಲ. ಊರು ಎಂದರೆ ಒಸರು, ಅದು ಇದ್ದಂತೆಯೇ ಶಿಷ್ಟ. ಹಾಗೆಯೇ 'ಏಳು' ಎಂಬುದು ಅಜ್ಜಿಯ ಬಾಯಲ್ಲಿ ಎರಡು ಕ್ರಿಯೆಗಳಿಗೆ ಒಂದೇ ರೂಪ. ಹಾಸಿಗೆಯಿಂದ ಏಳುವುದೂ 'ಏಳು', ಮಾತು ಹೇಳುವುದೂ 'ಏಳು'. 'ಮನ್ಯಾಗೆ ಏಳ್ನಿಲ್ಲ ನಾವು' ಎಂಬುದನ್ನು ಹುಡುಗನು ಮನೆಯಲ್ಲಿ ನಾವು ಎದ್ದಿರಲಿಲ್ಲ ಎಂದು ತಿಳಿದ. ಬೆಳಗಿನ ಜಾವದ ಕಥೆಯಾದ್ದರಿಂದ ಅದು ಅವನಿಗೆ ಹೊಂದಿದಂತೆಯೂ ಕಂಡಿತು. ಮುಂದಿನ 'ಈಗ್ಲೇ ಏಳ್ತಿರೋದು' ಮಾತ್ರ ಹೊಂದಲಿಲ್ಲ. ಏನು ಮಾಡಿದೆಯಪ್ಪಾ ಎಂದು ಕೇಳಿದೆವು. "ಅರ್ಥ ಆಗಲಿಲ್ಲ ಮೇಡಂ, ಎರಡನ್ನೂ ಬಿಟ್ಟೆ" ಎಂದ. ಆ ಪ್ರಾಮಾಣಿಕತೆಗೆ ಅವನನ್ನು ಮೆಚ್ಚಬೇಕು. ಆದರೆ ಬಿಟ್ಟುಹೋದದ್ದು ಇಡೀ ಮಾತಿನ ಬೇರು. ಮನೆಯಲ್ಲಿ ಹೇಳಲಿಲ್ಲ ನಾವು, ಈಗಲೇ ಹೇಳುತ್ತಿರುವುದು. ಅರುವತ್ತು ವರ್ಷ ಅಜ್ಜಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಮೊಮ್ಮಗಳ ಮೊಬೈಲಿನ ಮುಂದೆ ಹೇಳಿದ್ದರು.

ಇನ್ನು ಕಾಲದ ಮಾತು. ಶಿಷ್ಟ ಗದ್ಯದಲ್ಲಿ ಕಥೆ ಹೇಳುವಾಗ ಭೂತಕಾಲವೆಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಅದನ್ನೇ ಹಿಡಿದು ಹುಡುಗನು ಎಲ್ಲವನ್ನೂ 'ಹೋದರು', 'ತೋಡಿದರು' ಎಂದು ಬರೆದ. ಆದರೆ ಅಜ್ಜಿಯ ಮಾತಿನಲ್ಲಿ ಮೂರು ಬಗೆಯ ಕ್ರಿಯೆಗಳಿವೆ. 'ವೋಗೋದು', 'ತೋಡೋದು', 'ಬಿಸ್ಲು ಬರೋದು' ಎಂಬವು ದಿನದಿನವೂ ನಡೆಯುತ್ತಿದ್ದ ಸಂಗತಿಗಳು. ಶಿಷ್ಟದಲ್ಲಿ ಅವು 'ಹೋಗುತ್ತಿದ್ದರು' ಆಗಬೇಕು. 'ಚೆಮ್ಮ ಬತ್ತೈತೆ', 'ಕುಂತ್ಕೋಬೇಕು' ಎಂಬವು ಎಂದಿಗೂ ಹಾಗೆಯೇ ಇರುವ ಸಂಗತಿಗಳು, ಮರಳಿನ ಗುಣ. ಇಂದು ಹೋಗಿ ತೋಡಿದರೂ ಅದೇ ಆಗುತ್ತದೆ. ಅವನ್ನು ವರ್ತಮಾನದಲ್ಲೇ ಉಳಿಸಬೇಕು. 'ಕುಸ್ದೋಯ್ತು', 'ಅಲ್ಲಿಗ್ ವೋದ್ವಿ', 'ಉಯ್ದ್ಳು', 'ಏಳ್ನಿಲ್ಲ' ಎಂಬವು ಮಾತ್ರ ಒಂದೇ ದಿನ ನಡೆದವು. ಎಲ್ಲವನ್ನೂ ಒಂದೇ ಭೂತಕಾಲಕ್ಕೆ ಇಳಿಸಿದ್ದರಿಂದ ಒಂದು ಬೇಸಗೆಯ ಕಷ್ಟ ಒಂದು ಮುಂಜಾನೆಯ ವಿಹಾರವಾಗಿತ್ತು. ಆ ಒಂದು ದಿನ ಉಳಿದ ದಿನಗಳಿಂದ ಬೇರೆಯಾಗಿ ಕಾಣದೆ ಹೋಗಿತ್ತು. ವ್ಯಾಕರಣ ಬಲ್ಲ ನಾವು ಇದನ್ನು ಗಮನಿಸಲಿಲ್ಲ. ಅಜ್ಜಿ ಎಲ್ಲಿಯೂ ತಪ್ಪಿರಲಿಲ್ಲ.

'ಚೆಲ್ಮೆ'ಯನ್ನು 'ಬಾವಿ' ಮಾಡಿದ್ದು ಇನ್ನೊಂದು. ಬಾವಿಗೆ ಕಟ್ಟೆಯಿದೆ, ಹಗ್ಗವಿದೆ, ಇಳಿಬಿಟ್ಟರೆ ಕೊಡ ತುಂಬುತ್ತದೆ. ಚೆಲ್ಮೆ ಎಂಬುದು ಬತ್ತಿದ ಹೊಳೆಯ ಮರಳಿನಲ್ಲಿ ಕೈಯಿಂದ ತೋಡಿದ ಗುಂಡಿ. ತಳದಲ್ಲಿ ಒಂದು ಚಿಪ್ಪಿನಷ್ಟು ನೀರು ಊರಿದರೆ ಅದನ್ನು ತೆಗೆದು, ಮತ್ತೆ ಊರುವವರೆಗೆ ಕಾಯಬೇಕು. ಆಳವಾದಷ್ಟೂ ಸುತ್ತಲಿನ ಒಣ ಮರಳು ಜಾರಿ ಗುಂಡಿ ಮುಚ್ಚುತ್ತದೆ; 'ಮರಳಲ್ವಾ' ಎಂಬ ಒಂದೇ ಮಾತಿನಲ್ಲಿ ಅಜ್ಜಿ ಹೇಳಿದ್ದು ಅದನ್ನೇ. ಹಾಗಾದರೆ ಶಿಷ್ಟ ರೂಪವಾದ 'ಚಿಲುಮೆ' ಎಂದು ಬರೆಯೋಣವೇ ಎಂಬ ಚರ್ಚೆ ನಮ್ಮ ಶಿಕ್ಷಕರ ಕೊಠಡಿಯಲ್ಲಿ ನಡೆಯಿತು. ಪುಸ್ತಕದ ಕನ್ನಡದಲ್ಲಿ ಚಿಲುಮೆಯೆಂದರೆ ತಾನಾಗಿ ಉಕ್ಕುವ ಬುಗ್ಗೆ. ಉತ್ಸಾಹದ ಚಿಲುಮೆ ಎಂದೆಲ್ಲ ನಾವೇ ಸನ್ಮಾನಪತ್ರಗಳಲ್ಲಿ ಬರೆಯುತ್ತೇವೆ. 'ಒರತೆ' ಅರ್ಥಕ್ಕೆ ಹತ್ತಿರವಿತ್ತು, ಆದರೆ ಅಜ್ಜಿಯ ಮಾತಲ್ಲ. ಕೊನೆಗೆ 'ಚೆಲ್ಮೆ'ಯನ್ನೇ ಉಳಿಸಿ, ಅದೇನೆಂಬುದು ಮುಂದಿನ ವಾಕ್ಯದ ಕೆಲಸದಿಂದಲೇ ತಿಳಿಯುವಂತೆ ಬರೆದೆವು. ಓದುವವನಿಗೆ ಕೈ ಮರಳಿನಲ್ಲಿ ಇಳಿಯುವುದು ಕಂಡರೆ ಪದಕೋಶ ಬೇಕಾಗುವುದಿಲ್ಲ.

ವರ್ಷದ ಲೆಕ್ಕವನ್ನೂ ಹೇಳಿಬಿಡುತ್ತೇವೆ. ವಿಶ್ವಾವಸು ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಬರುತ್ತದೆ. 2025ರ ಯುಗಾದಿಗೆ ಬಂದದ್ದು ಅದಕ್ಕೆ ಹಿಂದೆ 1965ರ ಯುಗಾದಿಗೆ ಬಂದಿತ್ತು. ಆ ವರ್ಷ ಮುಂಗಾರು ಕೈಕೊಟ್ಟದ್ದು ದೇಶಕ್ಕೇ ತಿಳಿದ ಸಂಗತಿ. ಆದರೆ ಅಜ್ಜಿ 'ಉಗಾದಿ ಕಳೀತು' ಎಂದಿದ್ದಾರೆ. ಮಳೆ ಬಾರದ ವರ್ಷ ವಿಶ್ವಾವಸು. ಚೆಲ್ಮೆ ತೋಡಿದ ಬೇಸಗೆ ಅದರ ಮುಂದಿನ ಪರಾಭವ ಸಂವತ್ಸರದ್ದು, ಎಂದರೆ 1966ರದು. ಹುಡುಗನು ಸುಮ್ಮನೆ 1965 ಎಂದು ಬರೆದಿದ್ದ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ನಿಂತದ್ದು 'ಅವ್ರದು ಬ್ಯಾರೆ ಚೆಲ್ಮೆ' ಎಂಬಲ್ಲಿ. ಆಡುನುಡಿಯಲ್ಲಿ 'ಅವ್ರು' ಎಂದರೆ ಸಾಕು, ಕೇಳುವವರಿಗೆ ತಿಳಿಯುತ್ತದೆ. ಬರಹದಲ್ಲಿ ಹಿಂದೆ ಹೆಸರಿಸದ ಸರ್ವನಾಮ ನಿಲ್ಲುವುದಿಲ್ಲ. ಹುಡುಗನು ಅದನ್ನು 'ನೆರೆಯವರು' ಎಂದು ಮಾಡಿದ. ಅದು ಅಜ್ಞಾನವಲ್ಲ, ಅವನಿಗೆ ತಿಳಿದಿತ್ತು, ಶತಮಾನೋತ್ಸವದ ಪುಸ್ತಕದಲ್ಲಿ ಬೇಡವೆನಿಸಿತ್ತು. ನಮ್ಮಲ್ಲೇ ಕೆಲವರು ಅದೇ ಸರಿಯೆಂದರು. ಇನ್ನು ಕೆಲವರು ಅಸ್ಪೃಶ್ಯತೆಯ ಕ್ರೌರ್ಯವನ್ನು ಖಂಡಿಸುವ ಎರಡು ವಾಕ್ಯಗಳನ್ನು ಸೇರಿಸೋಣವೆಂದರು. ಮೊದಲನೆಯದರಲ್ಲಿ ಅಜ್ಜಿ ಹೇಳಿದ್ದು ಅಳಿಸಿಹೋಗುತ್ತದೆ. ಎರಡನೆಯದರಲ್ಲಿ ಅವರು ಹೇಳದೆ ಇದ್ದುದು ಅವರ ಬಾಯಿಗೆ ಸೇರುತ್ತದೆ. ನಾವು ಮೊಮ್ಮಗಳನ್ನು ಅಜ್ಜಿಯ ಬಳಿಗೆ ಮತ್ತೆ ಕಳುಹಿಸಿದೆವು, ಅವ್ರು ಅಂದರೆ ಯಾರೆಂದು ಬರೆಯಲಜ್ಜಿ, ಬರೆಯಬಹುದೇ ಎಂದು ಕೇಳಲು. "ಕೇರಿಯೋರು ಅಂತ ಬರ್ಕೋ. ಮುಚ್ಚೋದೇನೈತೆ" ಎಂದರಂತೆ.

ಅದೇ ಜಾಗದಲ್ಲಿ 'ತಾಕ್ಬಾರ್ದು ಅಂತ' ಎಂಬ ಮಾತಿದೆ. ಈ 'ಅಂತ' ಯಾರದು? ತಾಕಬಾರದೆಂದು ಎಣಿಸಿದವಳು ನೀರು ಹುಯ್ದ ಹೆಂಗಸೋ, ಬಿಂದಿಗೆ ಹಿಡಿದು ನಿಂತ ಹುಡುಗಿಯರೋ, ಇಡೀ ಊರೋ? ಅಜ್ಜಿಯ ವಾಕ್ಯ ಅದನ್ನು ಹೇಳುವುದಿಲ್ಲ. 'ತನ್ನ ಚಿಪ್ಪು ಅವರ ಬಿಂದಿಗೆಗೆ ತಾಕಬಾರದೆಂದು ಆಕೆ ಭಾವಿಸಿದಳು' ಎಂದು ಬರೆದರೆ ವಾಕ್ಯ ಸ್ಪಷ್ಟವಾಗುತ್ತದೆ, ಆದರೆ ಆ ಭಾವನೆಯನ್ನು ನಾವು ಒಬ್ಬಳ ತಲೆಗೆ ಕಟ್ಟಿದಂತಾಗುತ್ತದೆ. ಅದೃಷ್ಟವಶಾತ್ ಶಿಷ್ಟ ಕನ್ನಡದ 'ತಾಕಬಾರದೆಂದು' ಎಂಬುದಕ್ಕೂ ಕರ್ತೃ ಬೇಕಿಲ್ಲ. ಹಾಗೆಯೇ ಬಿಟ್ಟೆವು.

ನಿರೂಪಣೆಯನ್ನು ಪ್ರಥಮ ಪುರುಷದಲ್ಲಿ, ಎಂದರೆ 'ಅವರು' ಎಂದೇ ನಡೆಸಿದೆವು. 'ನಾನು' ಎಂದು ಇಟ್ಟು ಗ್ರಾಂಥಿಕದಲ್ಲಿ ಬರೆದರೆ ಅಜ್ಜಿ ಪಠ್ಯಪುಸ್ತಕದಂತೆ ಮಾತಾಡಿದಂತಾಗುತ್ತಿತ್ತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ನಿರೂಪಣೆಯನ್ನು ಶಿಷ್ಟದಲ್ಲಿಟ್ಟು ಪಾತ್ರಗಳ ಬಾಯಲ್ಲಿ ಮಲೆನಾಡಿನ ನುಡಿಯನ್ನು ಆಡಿಸುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ' (1984) ನಿರೂಪಣೆಯನ್ನೇ ಆಡುನುಡಿಗೆ ಒಪ್ಪಿಸುತ್ತದೆ. ಎರಡನೆಯ ದಾರಿ ನಮ್ಮ ಅಳವಿಗೆ ಮೀರಿದ್ದು. ಮೊದಲನೆಯದನ್ನು ಹಿಡಿದು, ಎರಡೇ ಎರಡು ಕಡೆ ಆಡಿದ ಮಾತನ್ನು ಆಡಿದಂತೆ ಉಳಿಸಿದೆವು. ಮಕ್ಕಳಿಬ್ಬರೂ ನಾವೂ ಕೂತು ನಾಲ್ಕು ಸಲ ತಿದ್ದಿದ ಮೇಲೆ ನಿಂತ ಖಂಡ ಇದು:

"ವಿಶ್ವಾವಸು ಸಂವತ್ಸರದಲ್ಲಿ ಮಳೆ ಬರಲಿಲ್ಲ. ಈಗ ಬಂದೀತು, ಆಗ ಬಂದೀತು ಎಂದದ್ದೇ ಆಯಿತು. ಮರುವರ್ಷದ ಯುಗಾದಿ ಕಳೆದು 1966ರ ಬೇಸಗೆ ಬಂದಾಗ ಬಾವಿಯಲ್ಲಿ ಉಳಿದಿದ್ದುದು ರಾಡಿ ಮಾತ್ರ. ಅಕ್ಕತಂಗಿಯರಿಬ್ಬರು ಕೋಳಿ ಕೂಗುವ ಮುನ್ನವೇ ಒಂದು ಬಿಂದಿಗೆ, ಒಂದು ಚಿಪ್ಪು ಹಿಡಿದು, ಚೆಲ್ಮೆ ತೋಡಲು ಹೊಳೆಗೆ ಹೋಗುತ್ತಿದ್ದರು. ಮರಳನ್ನು ಮೊಳಕೈವರೆಗೆ ತೋಡಿದರೆ ಚೆಮ್ಮ ಕಾಣುತ್ತದೆ. ಇನ್ನೊಂದು ಗೇಣು ತೋಡಿದರೆ ನೀರು ಊರುತ್ತದೆ. ಆಗ ಕೂತು ಕಾಯಬೇಕು. ಒಂದು ಚಿಪ್ಪು ತೆಗೆದುಕೊಂಡರೆ ಮತ್ತೆ ಕೂತು ಕಾಯಬೇಕು. ಬಿಂದಿಗೆ ತುಂಬುವ ಹೊತ್ತಿಗೆ ಬಿಸಿಲು ಬೆನ್ನಿಗೆ ಬರುತ್ತಿತ್ತು. 'ತುಳೀಬ್ಯಾಡ ಕಣೆ, ರಾಡಿ ಆತೈತೆ' ಎಂದು ಅಕ್ಕ ಹೇಳುತ್ತಿದ್ದಳು. ಕೇರಿಯವರ ಚೆಲ್ಮೆ ಬೇರೆ. ಅದು ಹೊಳೆಯ ಕೆಳಭಾಗದಲ್ಲಿತ್ತು, ಇವರದು ಮೇಲ್ಭಾಗದಲ್ಲಿ. ಅವರು ಇವರದನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ಇವರ ಚೆಲ್ಮೆಯ ಮರಳು ಕುಸಿಯಿತು. ಅಕ್ಕತಂಗಿಯರು ಕೆಳಗಿನ ಚೆಲ್ಮೆಗೆ ಹೋದರು. ಅಲ್ಲಿದ್ದ ಹೆಂಗಸು ಅಳುಕುತ್ತ ಅವರ ಬಿಂದಿಗೆಗೆ ನೀರು ಹುಯ್ದಳು. ತಾಕಬಾರದೆಂದು ಎತ್ತರದಿಂದ ಹುಯ್ದಳು. ಇದನ್ನು ಅವರು ಮನೆಯಲ್ಲಿ ಹೇಳಲಿಲ್ಲ. ಅರುವತ್ತು ವರ್ಷದ ಮೇಲೆ ತಂಗಿ ತನ್ನ ಮೊಮ್ಮಗಳಿಗೆ ಹೇಳಿದಳು: 'ಈಗ್ಲೇ ಏಳ್ತಿರೋದು.'"

'ಕೂತು ಕಾಯಬೇಕು' ಎಂಬುದು ಎರಡು ಸಲ ಬಂದಿರುವುದನ್ನು ತಾವು ಗಮನಿಸಿರಬಹುದು. ಪುನರುಕ್ತಿಯನ್ನು ತೆಗೆಯಬೇಕೆಂಬುದು ನಮ್ಮ ಕೆಂಪು ಶಾಯಿಯ ಹಳೆಯ ಅಭ್ಯಾಸ. ಮೊದಲ ತಿದ್ದುಪಡಿಯಲ್ಲಿ ತೆಗೆದೂ ಇದ್ದೆವು. ತೆಗೆದಾಗ ಬಿಂದಿಗೆ ಬೇಗ ತುಂಬಿತು. ಆದ್ದರಿಂದ ಮರಳಿ ಸೇರಿಸಿದೆವು. 'ಅದೇ', 'ಅಂತಾರಲ್ಲ' ಎಂಬಂಥವು ಹೋದುದರಿಂದ ನಷ್ಟವಿಲ್ಲ. ಅವು ನೆನಪು ಮಾಡಿಕೊಳ್ಳಲು ತೆಗೆದುಕೊಂಡ ಉಸಿರು.

ಅಚ್ಚಿಗೆ ಕಳುಹಿಸುವ ಮುನ್ನ ನಾವೇ ಅಜ್ಜಿಯ ಮನೆಗೆ ಹೋಗಿ ಖಂಡವನ್ನು ಓದಿ ಹೇಳಿದೆವು. ಹೊರಗಿನ ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು. ಗೇಣು, ಚಿಪ್ಪು, ಬಿಸಿಲು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಯ ಭಾಗಕ್ಕೆ ಬಂದಾಗ ಕೈಯೆತ್ತಿ ತಡೆದು, "ಅದ್ಯೇನಮ್ಮ, ಅಳುಕ್ತಾ ಅಂತ ಓದಿದ್ರಿ?" ಎಂದು ಕೇಳಿದರು.

ಆ ಪದ ಅವರು ಆಡಿದ್ದಲ್ಲ. ಧ್ವನಿಯಲ್ಲಿಲ್ಲ, ಮೊಮ್ಮಗಳ ಹಾಳೆಯಲ್ಲಿಲ್ಲ, ಹುಡುಗನ ಮೊದಲ ಪ್ರತಿಯಲ್ಲೂ ಇಲ್ಲ. ನಾಲ್ಕನೆಯ ತಿದ್ದುಪಡಿಯಲ್ಲಿ, ವಾಕ್ಯಕ್ಕೆ ಭಾವ ಸಾಲದೆಂದು ನಾವು ಸೇರಿಸಿದ್ದೆವು. ಮೇಲಿನವರಿಗೆ ನೀರು ಹುಯ್ಯುವ ಕೇರಿಯ ಹೆಂಗಸು ಅಳುಕಿಯೇ ಅಳುಕಿರಬೇಕೆಂದು ನಾವೇ ಊಹಿಸಿಕೊಂಡಿದ್ದೆವು.

ಅಜ್ಜಿ ಹೇಳಿದರು: "ಆಯಮ್ಮ ಯಾಕಮ್ಮ ಅಳುಕ್ತಾಳೆ? ನೀರು ಅವ್ಳದು. ಅಳುಕಿದ್ದು ನಾವು."

ಅಲ್ಲಿಯೇ ಪೆನ್ನು ತೆಗೆದು ಆ ಪದವನ್ನು ಹೊಡೆದುಹಾಕಿದೆವು. ಹಾಗಾದರೆ 'ಅಕ್ಕತಂಗಿಯರು ಅಳುಕುತ್ತ ನಿಂತರು' ಎಂದು ಬರೆಯಲೇ ಎಂದು ಮೊಮ್ಮಗಳು ಕೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಬ್ಯಾಡ. ಮನ್ಯಾಗೆ ಏಳ್ನಿಲ್ಲ ಅಂದೆನಲ್ಲ, ಅದ್ರಾಗೈತೆ" ಎಂದರು.

ತಮ್ಮ ಕೈಯಲ್ಲಿರುವ ಸಂಪುಟದಲ್ಲಿ ಎಡಪುಟದಲ್ಲಿ ಅಜ್ಜಿಯ ಮಾತು, ಬಲಪುಟದಲ್ಲಿ ಈ ಖಂಡ ಅಚ್ಚಾಗಿವೆ. ಆ ಒಂದು ವಾಕ್ಯ ಈಗ ಹೀಗಿದೆ: 'ಅಲ್ಲಿದ್ದ ಹೆಂಗಸು ಅವರ ಬಿಂದಿಗೆಗೆ ನೀರು ಹುಯ್ದಳು, ತಾಕಬಾರದೆಂದು ಎತ್ತರದಿಂದ ಹುಯ್ದಳು.'